ಹಾಲು, ಮೊಸರಿನ ಪ್ಯಾಕೆಟ್ ಹೋಲಿಸುವಾಗ ಮೊದಲು ಓದಬೇಕಾದ ಸಾಲು

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ, ಮನೆಯಲ್ಲಿ ನಾಲ್ಕು ಜನ, ದಿನಕ್ಕೆ ಒಂದೂವರೆ ಲೀಟರ್ ಹಾಲು ಬೇಕು. ಸಾಮಾನ್ಯವಾಗಿ ನಂದಿನಿ ನೀಲಿ ಪ್ಯಾಕೆಟ್, ಕೆಲವೊಮ್ಮೆ ಅಮುಲ್ ಗೋಲ್ಡ್, ಊರಿಗೆ ಹೋಗುವಾಗ ರಟ್ಟಿನ ಪೆಟ್ಟಿಗೆಯ ಹಾಲು ತರುತ್ತೇವೆ. ಒಂದೊಂದರಲ್ಲಿ ಮೊಸರು ಒಂದೊಂದು ರೀತಿ ಆಗುತ್ತದೆ. ಪೆಟ್ಟಿಗೆ ಹಾಲಿನದು ಗಟ್ಟಿಯಾಗುವುದೇ ಇಲ್ಲ. ಪ್ಯಾಕೆಟ್ ಮೊಸರಿನಿಂದ ಹೆಪ್ಪು ಹಾಕಿದರೆ ಲೋಳೆಯಾಗುತ್ತದೆ, ಚಳಿಗಾಲದಲ್ಲಿ ಹೆಪ್ಪೇ ಆಗುವುದಿಲ್ಲ. ಯಾವ ಬ್ರ್ಯಾಂಡ್ ಒಳ್ಳೆಯದು? ಪ್ಯಾಕೆಟ್ ಮೇಲಿನ ತಾರೀಖನ್ನು ಎಷ್ಟು ನಂಬಬಹುದು?

ಉತ್ತರ: ಬ್ರ್ಯಾಂಡಿನ ಮಾತನ್ನು ಸ್ವಲ್ಪ ಮುಂದಕ್ಕೆ ಹಾಕೋಣ, ಏಕೆಂದರೆ ನೀವು ಹೆಸರಿಸಿದ ಎರಡು ಪ್ಯಾಕೆಟ್‌ಗಳು ಒಂದೇ ವಸ್ತುವಿನ ಎರಡು ಬ್ರ್ಯಾಂಡ್‌ಗಳಲ್ಲ, ಎರಡು ಬೇರೆ ಬೇರೆ ವಸ್ತುಗಳು. ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್ ಹಾಲು. ಅಮುಲ್ ಗೋಲ್ಡ್ ಫುಲ್ ಕ್ರೀಮ್ ಹಾಲು. ಗೋಲ್ಡ್, ತಾಜಾ, ಶಕ್ತಿ, ಸಮೃದ್ಧಿ ಮುಂತಾದವು ಕಂಪನಿಗಳು ಇಟ್ಟ ಹೆಸರುಗಳು. ಅವುಗಳ ಹತ್ತಿರವೇ ಎಲ್ಲೋ ಸಣ್ಣ ಅಕ್ಷರದಲ್ಲಿ ಟೋನ್ಡ್, ಡಬಲ್ ಟೋನ್ಡ್, ಸ್ಟ್ಯಾಂಡರ್ಡೈಸ್ಡ್, ಫುಲ್ ಕ್ರೀಮ್ ಅಥವಾ ಹಸುವಿನ ಹಾಲು ಎಂಬ ವರ್ಗದ ಹೆಸರು ಇರುತ್ತದೆ. ಕಾನೂನು ಹಿಡಿದು ಕೇಳುವುದು ಆ ಹೆಸರನ್ನು. ಟೋನ್ಡ್ ಎಂದು ಮುದ್ರಿಸಿದ ಮೇಲೆ ಅದು ಯಾವ ಕಂಪನಿಯದೇ ಆಗಿರಲಿ, ಅದರಲ್ಲಿ ಕನಿಷ್ಠ ಶೇ 3.0 ಜಿಡ್ಡು ಮತ್ತು ಶೇ 8.5 ಕೊಬ್ಬೇತರ ಘನಾಂಶ, ಅಂದರೆ ನೀರನ್ನೂ ಜಿಡ್ಡನ್ನೂ ಬಿಟ್ಟು ಉಳಿಯುವ ಭಾಗ, ಇರಲೇಬೇಕು. ಫುಲ್ ಕ್ರೀಮ್ ಎಂದರೆ ಕ್ರಮವಾಗಿ ಶೇ 6.0 ಮತ್ತು ಶೇ 9.0, ಸ್ಟ್ಯಾಂಡರ್ಡೈಸ್ಡ್ ಎಂದರೆ 4.5 ಮತ್ತು 8.5, ಡಬಲ್ ಟೋನ್ಡ್ ಎಂದರೆ 1.5 ಮತ್ತು 9.0. ಜಿಡ್ಡು ಡೈರಿಗೆ ದುಬಾರಿ ವಸ್ತು, ಅದನ್ನು ತೆಗೆದು ಬೆಣ್ಣೆ, ತುಪ್ಪ ಮಾಡಿ ಮಾರಬಹುದು. ಹಾಗಾಗಿ ಕನಿಷ್ಠ ಮಿತಿಗಿಂತ ತೀರಾ ಹೆಚ್ಚು ಜಿಡ್ಡನ್ನು ಯಾರೂ ಪ್ಯಾಕೆಟ್‌ನಲ್ಲಿ ಬಿಡುವುದಿಲ್ಲ. ಒಂದೇ ವರ್ಗದ ಎರಡು ಬ್ರ್ಯಾಂಡ್‌ಗಳ ನಡುವೆ ಜಿಡ್ಡಿನ ವ್ಯತ್ಯಾಸ ಹುಡುಕುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಪ್ಯಾಕೆಟ್‌ನ ಬಣ್ಣವನ್ನು ಮಾತ್ರ ನಂಬಬೇಡಿ. ಬಣ್ಣವನ್ನು ಆಯಾ ಕಂಪನಿ ತನ್ನ ಅನುಕೂಲಕ್ಕೆ ಆರಿಸಿಕೊಳ್ಳುತ್ತದೆ. ಹೊಸೂರಿನ ಕಡೆ ನೆಂಟರಿದ್ದರೆ ಅಲ್ಲಿ ಆವಿನ್ ಹಾಲಿನ ಹಸಿರು ಪ್ಯಾಕೆಟ್ ನೋಡಿರುತ್ತೀರಿ. ಅದು ಶೇ 4.5 ಜಿಡ್ಡಿನ ಸ್ಟ್ಯಾಂಡರ್ಡೈಸ್ಡ್ ಹಾಲು. ನಮ್ಮಲ್ಲಿ ಹಸಿರು ಕಂಡ ತಕ್ಷಣ ಅದೇ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಈಗ ನಿಮ್ಮ ಮನೆಯ ಲೆಕ್ಕವನ್ನೇ ಮಾಡೋಣ. ಒಂದು ಲೀಟರ್ ಹಾಲು ಸುಮಾರು 1030 ಗ್ರಾಂ ತೂಗುತ್ತದೆ. ಒಂದೂವರೆ ಲೀಟರ್ ಟೋನ್ಡ್ ಹಾಲಿನಲ್ಲಿ ಸುಮಾರು 46 ಗ್ರಾಂ ಜಿಡ್ಡು ಇದ್ದರೆ, ಅಷ್ಟೇ ಫುಲ್ ಕ್ರೀಮ್ ಹಾಲಿನಲ್ಲಿ ಸುಮಾರು 93 ಗ್ರಾಂ ಇರುತ್ತದೆ. ವ್ಯತ್ಯಾಸವನ್ನು ನಾಲ್ವರಿಗೆ ಹಂಚಿದರೆ ತಲೆಗೆ ದಿನಕ್ಕೆ 12 ಗ್ರಾಂ, ಅಂದರೆ ಎರಡೂವರೆ ಟೀ ಚಮಚದಷ್ಟು ತುಪ್ಪ, ಸುಮಾರು 100 ಕ್ಯಾಲರಿ. ಬೆಳೆಯುವ ಮಕ್ಕಳಿಗೆ ಅದು ಬೇಕಾಗಬಹುದು, ಜಿಡ್ಡು ಕಡಿಮೆ ಮಾಡಿ ಎಂದು ವೈದ್ಯರು ಹೇಳಿರುವ ಹಿರಿಯರಿಗೆ ಬೇಡವಾಗಬಹುದು. ಆದರೆ ಫುಲ್ ಕ್ರೀಮ್ ಹಾಲಿನಲ್ಲಿ ಪ್ರೋಟೀನು, ಕ್ಯಾಲ್ಸಿಯಂ ಕೂಡ ಎರಡು ಪಟ್ಟು ಇರುತ್ತದೆ ಎಂದು ಭಾವಿಸಿದರೆ ಅದು ತಪ್ಪು. ಅವೆರಡೂ ಇರುವುದು ಕೊಬ್ಬೇತರ ಘನಾಂಶದಲ್ಲಿ. ಹಳ್ಳಿಯ ಹಾಲಿನ ಡೈರಿಯಲ್ಲಿ ಫ್ಯಾಟ್ ಜೊತೆಗೆ ಎಸ್‌ಎನ್‌ಎಫ್ ಎಂದು ಬರೆದುಕೊಳ್ಳುತ್ತಾರಲ್ಲ, ಅದೇ ಇದು. ಟೋನ್ಡ್‌ನಲ್ಲಿ 8.5, ಫುಲ್ ಕ್ರೀಮ್‌ನಲ್ಲಿ 9.0, ಇಲ್ಲಿನ ಅಂತರ ತೀರಾ ಚಿಕ್ಕದು.

ಇದೇ ಎಸ್‌ಎನ್‌ಎಫ್ ನಿಮ್ಮ ಮೊಸರಿನ ಪ್ರಶ್ನೆಗೂ ಬಾಗಿಲು ತೆರೆಯುತ್ತದೆ. ಮೊಸರು ಗಟ್ಟಿಯಾಗಲು ಜಿಡ್ಡು ಬೇಕು ಎಂಬ ನಂಬಿಕೆ ಬಹಳ ಗಟ್ಟಿಯಾಗಿ ಬೇರೂರಿದೆ. ಜಿಡ್ಡು ಮೊಸರಿಗೆ ರುಚಿ ಕೊಡುತ್ತದೆ, ನಾಲಿಗೆಗೆ ನುಣುಪು ಕೊಡುತ್ತದೆ, ಮೇಲೆ ಕೆನೆ ಕಟ್ಟಿಸುತ್ತದೆ. ಆದರೆ ಮೊಸರನ್ನು ಹಿಡಿದು ನಿಲ್ಲಿಸುವುದು ಪ್ರೋಟೀನಿನ ಬಲೆ. ಹಾಲು ಹುಳಿಯಾಗುತ್ತಾ ಬಂದಾಗ ಕೇಸಿನ್ ಎಂಬ ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಲೆ ಹೆಣೆಯುತ್ತವೆ. ನೀರೂ ಜಿಡ್ಡೂ ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡು ನಿಲ್ಲುತ್ತವೆ. ಶೇ 1.5 ಜಿಡ್ಡಿನ ಡಬಲ್ ಟೋನ್ಡ್ ಹಾಲಿನಿಂದಲೂ ಚಮಚ ನಿಲ್ಲುವಂಥ ಮೊಸರು ಮಾಡಬಹುದು, ಏಕೆಂದರೆ ಅದರ ಎಸ್‌ಎನ್‌ಎಫ್ 9.0. ಅಂಗಡಿಯ ಪ್ಯಾಕೆಟ್ ಮೊಸರು ನಿಮ್ಮ ಮನೆಯ ಮೊಸರಿಗಿಂತ ಗಟ್ಟಿ ಎನ್ನಿಸಿದರೆ ಅದರ ಪದಾರ್ಥಗಳ ಸಾಲನ್ನು ಓದಿ ನೋಡಿ. ಅಲ್ಲಿ ಹಾಲಿನ ಜೊತೆಗೆ ಹಾಲಿನ ಘನಾಂಶ ಅಥವಾ ಕೆನೆರಹಿತ ಹಾಲಿನ ಪುಡಿ ಎಂದಿದ್ದರೆ ಗಟ್ಟಿತನದ ಒಂದು ಕಾರಣ ಸಿಕ್ಕಿತು. ಇದು ಕಲಬೆರಕೆಯಲ್ಲ. ಮನೆಯಲ್ಲೂ ಲೀಟರಿಗೆ ಎರಡು ದೊಡ್ಡ ಚಮಚ ಹಾಲಿನ ಪುಡಿ ಕದಡಿ ಕಾಯಿಸಿದರೆ ಅದೇ ಫಲ ಸಿಗುತ್ತದೆ.

ಇನ್ನೊಂದು ಕಾರಣ ಕಾಯಿಸುವ ಬಗೆ, ಮತ್ತು ನನ್ನ ಅನುಭವದಲ್ಲಿ ಇದೇ ಮುಖ್ಯವಾದುದು. ಪ್ಯಾಕೆಟ್ ಹಾಲನ್ನು ಡೈರಿಯಲ್ಲಿ ಸುಮಾರು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ಸೆಕೆಂಡ್ ಹಿಡಿದು, ತಕ್ಷಣ 4 ಡಿಗ್ರಿಯ ಹತ್ತಿರಕ್ಕೆ ತಣಿಸುತ್ತಾರೆ. ಇದೇ ಪಾಶ್ಚರೀಕರಣ. ರೋಗಾಣುಗಳನ್ನು ಕೊಲ್ಲಲು ಇಷ್ಟು ಸಾಕು. ಆದರೆ ಹಾಲಿನಲ್ಲಿ ಕೇಸಿನ್ ಅಲ್ಲದೆ ಹಾಲೊಡಕಿನ ಪ್ರೋಟೀನು ಎಂಬ ಇನ್ನೊಂದು ಬಗೆ ಇದೆ. ಇಷ್ಟು ಅಲ್ಪ ಬಿಸಿಗೆ ಅದು ಹೆಚ್ಚುಕಡಿಮೆ ಇದ್ದ ಹಾಗೆಯೇ ಉಳಿದು, ಮೊಸರಾದಾಗ ತಿಳಿನೀರಿನೊಡನೆ ಹೊರಬರುತ್ತದೆ. ಹಾಲನ್ನು 85ರಿಂದ 90 ಡಿಗ್ರಿಯಲ್ಲಿ ಕೆಲವು ನಿಮಿಷ ಹಿಡಿದರೆ ಅದು ತನ್ನ ಸುರುಳಿ ಬಿಚ್ಚಿಕೊಂಡು ಕೇಸಿನ್ ಕಣಗಳ ಮೇಲೆ ಹೋಗಿ ಅಂಟಿಕೊಳ್ಳುತ್ತದೆ, ಆಗ ಬಲೆ ದಟ್ಟವಾಗುತ್ತದೆ, ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ಮೊಸರು ಮಾಡುವ ಹಾಲನ್ನು ಡೈರಿಗಳು ಕುಡಿಯುವ ಹಾಲಿಗಿಂತ ಹೆಚ್ಚು ಬಿಸಿಯಲ್ಲಿ ಹೆಚ್ಚು ಹೊತ್ತು ಕಾಯಿಸುವುದು ಇದಕ್ಕಾಗಿ. ನಮ್ಮ ಅಜ್ಜಿಯಂದಿರು ಸಣ್ಣ ಉರಿಯಲ್ಲಿ ಹಾಲನ್ನು ಕೆಂಪಗೆ ಕಾಯಿಸಿ ಹೆಪ್ಪು ಹಾಕುತ್ತಿದ್ದುದರ ಹಿಂದೆಯೂ ಇದೇ ಇದೆ.

ಇದನ್ನು ನೀವು ಒಂದು ರಾತ್ರಿಯಲ್ಲಿ ಕಣ್ಣಾರೆ ನೋಡಬಹುದು. ನನ್ನ ಅಡುಗೆಮನೆಯಲ್ಲಿ ನಾನು ಮಾಡಿದ್ದು ಹೀಗೆ. ಒಂದೇ ಅಳತೆಯ ಮೂರು ಸ್ಟೀಲ್ ಡಬ್ಬಿಗಳಲ್ಲಿ ಕಾಲು ಕಾಲು ಲೀಟರ್ ಹಾಲು ತೆಗೆದುಕೊಂಡೆ. ಮೊದಲನೆಯದರಲ್ಲಿ ಟೋನ್ಡ್ ಪ್ಯಾಕೆಟ್ ಹಾಲನ್ನು ಕುದಿಸದೆ ಉಗುರುಬೆಚ್ಚಗೆ ಮಾತ್ರ ಮಾಡಿದೆ. ಎರಡನೆಯದರಲ್ಲಿ ಅದೇ ಪ್ಯಾಕೆಟ್‌ನ ಹಾಲನ್ನು ಉಕ್ಕು ಬಂದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಯಾಡಿಸುತ್ತಾ ಕಾಯಿಸಿ, ಉಗುರುಬೆಚ್ಚಗಾಗುವವರೆಗೆ ಆರಿಸಿದೆ. ಮೂರನೆಯದರಲ್ಲಿ ಪೆಟ್ಟಿಗೆ ಹಾಲನ್ನು ಉಗುರುಬೆಚ್ಚಗೆ ಮಾಡಿದೆ. ಮೂರಕ್ಕೂ ಒಂದೇ ಬಟ್ಟಲಿನ ಮನೆ ಮೊಸರನ್ನು ಅರ್ಧರ್ಧ ಚಮಚ ಕದಡಿ, ಒಂದೇ ಮೂಲೆಯಲ್ಲಿ ಮುಚ್ಚಿಟ್ಟೆ. ಬೆಳಿಗ್ಗೆ ಮೊದಲನೆಯದು ಹೆಪ್ಪಾಗಿತ್ತು, ಆದರೆ ಚಮಚ ಹಾಕಿದ ಕೂಡಲೇ ಆ ಗುಳಿಯಲ್ಲಿ ತಿಳಿನೀರು ತುಂಬಿಕೊಂಡಿತು. ಎರಡನೆಯದು ಚಾಕುವಿನಲ್ಲಿ ಕೊಯ್ದಂತೆ ಅಂಚು ಉಳಿಸಿಕೊಂಡು ನಿಂತಿತು. ಮೂರನೆಯದು ನೀರೊಡೆಯಲಿಲ್ಲ, ಆದರೆ ಡಬ್ಬಿ ಓರೆ ಮಾಡಿದರೆ ಜಾರುವಷ್ಟು ಮೆದುವಾಗಿತ್ತು. ಹಾಲಿನ ಬ್ರ್ಯಾಂಡ್ ಬದಲಾಗದೆಯೇ ಮೊದಲ ಎರಡು ಡಬ್ಬಿಗಳ ನಡುವೆ ಅಷ್ಟು ಅಂತರ ಬಂದಿತ್ತು.

ಮೂರನೆಯ ಡಬ್ಬಿಯ ಫಲವೇ ನಿಮ್ಮ ಪೆಟ್ಟಿಗೆ ಹಾಲಿನ ದೂರಿಗೆ ಉತ್ತರ. ಆ ಹಾಲನ್ನು ಯು.ಎಚ್.ಟಿ. ವಿಧಾನದಲ್ಲಿ 135 ಡಿಗ್ರಿಗೂ ಮೇಲಕ್ಕೆ ಕೆಲವೇ ಸೆಕೆಂಡ್ ಕಾಯಿಸಿ, ಸೂಕ್ಷ್ಮಾಣುಗಳಿಲ್ಲದ ಪೊಟ್ಟಣದಲ್ಲಿ ತುಂಬಿ ಮುಚ್ಚುತ್ತಾರೆ. ನಂದಿನಿ ಗುಡ್‌ಲೈಫ್, ಪೆಟ್ಟಿಗೆಯ ಅಮುಲ್ ತಾಜಾ ಈ ಬಗೆಯವು. ಅಷ್ಟು ತೀವ್ರವಾದ, ಅಷ್ಟು ಚಿಕ್ಕ ಅವಧಿಯ ಬಿಸಿಯಲ್ಲಿ ಪ್ರೋಟೀನುಗಳು ಅಂಟಿಕೊಳ್ಳುವ ರೀತಿಯೇ ಬೇರೆ, ಆದ್ದರಿಂದ ಮೊಸರು ನಯವಾಗಿ, ಆದರೆ ಸಡಿಲವಾಗಿ ಆಗುತ್ತದೆ. ಇದು ಹಾಲು ಕೆಟ್ಟಿದೆ ಎಂಬುದರ ಗುರುತಲ್ಲ, ರಾಸಾಯನಿಕ ಬೆರೆಸಿದ್ದಾರೆ ಎಂಬುದರ ಗುರುತೂ ಅಲ್ಲ. ಇಡೀ ರಾತ್ರಿ ಇಟ್ಟರೂ ಹೆಪ್ಪೇ ಆಗದೆ ನೀರಾಗಿ ಉಳಿದರೆ ಮಾತ್ರ ಬೇರೆ ಕಾರಣವಿದೆ: ಆ ಹಾಲನ್ನು ಕಾಯಿಸಬೇಕಿಲ್ಲ ಎಂದು ತಣ್ಣಗಿರುವಾಗಲೇ ಹೆಪ್ಪು ಹಾಕಿರುತ್ತಾರೆ. ಕುಡಿಯಲು ಕಾಯಿಸಬೇಕಿಲ್ಲ ಎಂಬುದು ನಿಜ, ಹೆಪ್ಪಿಗೆ ಮಾತ್ರ ಬೆಚ್ಚಗಿರಲೇಬೇಕು. ಆದರೂ ನನ್ನ ಸಲಹೆ ಇಷ್ಟೇ: ಪೆಟ್ಟಿಗೆ ಹಾಲನ್ನು ಕಾಫಿಗೆ, ಪ್ರಯಾಣಕ್ಕೆ ಇಟ್ಟುಕೊಳ್ಳಿ, ಮೊಸರಿಗೆ ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲನ್ನೇ ಬಳಸಿ.

ಹೋಮೊಜಿನೈಸ್ಡ್ ಎಂಬ ಪದದ ಬಗ್ಗೆ ಒಂದು ಮಾತು. ಹಾಲನ್ನು ಭಾರಿ ಒತ್ತಡದಲ್ಲಿ ಕಿರಿದಾದ ಸಂದಿಯ ಮೂಲಕ ನುಗ್ಗಿಸಿ ಜಿಡ್ಡಿನ ಹನಿಗಳನ್ನು ಚೂರು ಚೂರು ಮಾಡಿದರೆ ಅವು ಮೇಲೆ ತೇಲಿ ಬರುವುದಿಲ್ಲ, ಹಾಗಾಗಿ ಕೆನೆ ಕಟ್ಟುವುದಿಲ್ಲ. ಕೆನೆ ಬರಲಿಲ್ಲ ಎಂದರೆ ಜಿಡ್ಡು ಕದ್ದಿದ್ದಾರೆ ಎಂದು ಅರ್ಥವಲ್ಲ, ಜಿಡ್ಡು ಹಾಲಿನ ಉದ್ದಗಲಕ್ಕೂ ಹರಡಿಕೊಂಡಿದೆ. ಕಾಫಿಗೆ, ನಯವಾದ ಮೊಸರಿಗೆ ಇಂಥ ಹಾಲು ಒಳ್ಳೆಯದು. ಕೆನೆ ಕೂಡಿಟ್ಟು ಕಡೆದು ಬೆಣ್ಣೆ ತೆಗೆಯುವ ಅಭ್ಯಾಸ ನಿಮ್ಮಲ್ಲಿದ್ದರೆ ಪ್ಯಾಕೆಟ್ ಮೇಲೆ ಈ ಪದ ಇಲ್ಲದ ಹಾಲನ್ನೇ ಆರಿಸಿ.

ಇನ್ನು ಹೆಪ್ಪಿನ ವಿಷಯ. ನಾವು ಹೆಪ್ಪು ಎನ್ನುವುದು ಜೀವಂತ ಬ್ಯಾಕ್ಟೀರಿಯಾಗಳ ಗುಂಪು, ಮತ್ತು ಇದರಲ್ಲಿ ಸ್ಥೂಲವಾಗಿ ಎರಡು ಕುಲಗಳಿವೆ. ಒಂದು ಕುಲಕ್ಕೆ 22ರಿಂದ 30 ಡಿಗ್ರಿಯ ನಮ್ಮ ಕೋಣೆಯ ಹವೆಯೇ ಹಿತ. ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಇದರ ಮುಖ್ಯ ಸದಸ್ಯ, ಇದರ ಕೆಲವು ಬಗೆಗಳು ಮೊಸರಿಗೆ ಬೆಣ್ಣೆಯ ಪರಿಮಳ ಕೊಡುವ ಡೈಅಸಿಟೈಲ್ ಎಂಬ ವಸ್ತುವನ್ನೂ ಹುಟ್ಟಿಸುತ್ತವೆ. ಇವು ನಿಧಾನಿಗಳು, ಇಡೀ ರಾತ್ರಿ ತೆಗೆದುಕೊಳ್ಳುತ್ತವೆ. ಇನ್ನೊಂದು ಕುಲಕ್ಕೆ 40 ಡಿಗ್ರಿಯ ಆಚೀಚೆ ಬೇಕು. ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಮತ್ತು ಲ್ಯಾಕ್ಟೊಬ್ಯಾಸಿಲಸ್ ಬಲ್ಗ್ಯಾರಿಕಸ್ ಎಂಬ ಜೋಡಿ ಆ ಬಿಸಿಯಲ್ಲಿ ಮೂರು ನಾಲ್ಕು ಗಂಟೆಗಳಲ್ಲಿ ಕೆಲಸ ಮುಗಿಸುತ್ತದೆ. ಯೋಗರ್ಟ್ ಎಂದು ಮಾರುವುದಕ್ಕೆ ಈ ಜೋಡಿ ಇರಲೇಬೇಕು. ಮೊಸರು ಎಂದು ಮಾರುವುದಕ್ಕೆ ನಿರುಪದ್ರವಿಯಾದ ಯಾವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಆದರೂ ಆಗಬಹುದು. ಎರಡನೆಯ ಕುಲದಿಂದ ಕೆಲಸ ಬೇಗ ಮುಗಿಯುವುದರಿಂದ ದಿನಕ್ಕೆ ಸಾವಿರಾರು ಲೀಟರ್ ಮೊಸರು ಮಾಡುವ ಘಟಕಗಳಿಗೆ ಅದು ಅನುಕೂಲ.

ಚಳಿಗಾಲದಲ್ಲಿ ನಿಮ್ಮ ಹೆಪ್ಪು ಕೈಕೊಡುವುದರ ಗುಟ್ಟು ಇಲ್ಲಿರಬಹುದು. ಪ್ಯಾಕೆಟ್ ಮೊಸರಿನಲ್ಲಿ ಬಿಸಿ ಬಯಸುವ ಕುಲವೇ ಹೆಚ್ಚಿದ್ದರೆ, ಡಿಸೆಂಬರ್ ರಾತ್ರಿ ಬೆಂಗಳೂರಿನ ಅಡುಗೆಮನೆ 20 ಡಿಗ್ರಿಗೆ ಇಳಿದಾಗ ಆ ಬ್ಯಾಕ್ಟೀರಿಯಾಗಳು ಮುದುಡಿ ಕೂರುತ್ತವೆ, ಹಾಲು ಹಾಲಾಗಿಯೇ ಉಳಿಯುತ್ತದೆ. ವರ್ಷಗಳಿಂದ ನಿಮ್ಮ ಮನೆಯ ಹವೆಗೆ ಒಗ್ಗಿಕೊಂಡ ಹೆಪ್ಪಾದರೆ ಅದೇ ರಾತ್ರಿ ನಿಧಾನವಾಗಿಯಾದರೂ ಕೆಲಸ ಮಾಡುತ್ತದೆ. ಆದ್ದರಿಂದ ಪ್ಯಾಕೆಟ್ ಮೊಸರಿನಿಂದ ಹೆಪ್ಪು ಹಾಕುವ ದಿನ ಹಾಲನ್ನು 40ರಿಂದ 42 ಡಿಗ್ರಿಯಲ್ಲಿ, ಅಂದರೆ ಬೆರಳದ್ದಿ ಹತ್ತು ಎಣಿಸುವಷ್ಟು ಹೊತ್ತು ಹಿತವಾಗಿ ತಡೆದುಕೊಳ್ಳಬಲ್ಲ ಬಿಸಿಯಲ್ಲಿ ಇಟ್ಟು, ಹಾಟ್ ಬಾಕ್ಸ್‌ನಲ್ಲೋ ದಪ್ಪ ಬಟ್ಟೆ ಸುತ್ತಿಯೋ ಆ ಬಿಸಿ ನಾಲ್ಕೈದು ಗಂಟೆ ಉಳಿಯುವಂತೆ ನೋಡಿಕೊಳ್ಳಿ.

ಲೋಳೆಯದೂ ಇದೇ ಕಥೆಯ ಇನ್ನೊಂದು ಮುಖ. ಕೆಲವು ಬ್ಯಾಕ್ಟೀರಿಯಾ ತಳಿಗಳು ಹಾಲಿನ ಸಕ್ಕರೆಯನ್ನು ಬಳಸಿ ಉದ್ದನೆಯ ಅಂಟು ಎಳೆಗಳನ್ನು ನೇಯುತ್ತವೆ. ಆ ಎಳೆಗಳು ನೀರನ್ನು ಹಿಡಿದಿಡುವುದರಿಂದ ಪ್ಯಾಕೆಟ್ ಸಾಗಾಟದಲ್ಲಿ ಅಲುಗಾಡಿದರೂ ಮೊಸರು ನೀರೊಡೆಯುವುದಿಲ್ಲ. ಅದಕ್ಕಾಗಿಯೇ ಇಂಥ ತಳಿಗಳನ್ನು ಆರಿಸಿ ಬಳಸುವುದುಂಟು. ಅವುಗಳಿಂದ ಮನೆಯಲ್ಲಿ ಹೆಪ್ಪು ಹಾಕಿದಾಗ ಬಿಸಿಯೂ ಅವಧಿಯೂ ಹೆಚ್ಚುಕಡಿಮೆಯಾಗಿ ಎಳೆಗಳು ಮಿತಿಮೀರಿ ಬೆಳೆಯಬಹುದು. ವಾಸನೆ ಹಿತವಾಗಿದ್ದು ಹುಳಿ ಸರಿಯಾಗಿದ್ದರೆ ಆ ಮೊಸರು ತಿನ್ನಲು ತೊಂದರೆಯಿಲ್ಲ. ಲೋಳೆಯ ಜೊತೆಗೆ ಕಹಿ, ಕೊಳೆತ ವಾಸನೆ ಅಥವಾ ಬಣ್ಣದ ಚುಕ್ಕೆ ಇದ್ದರೆ ಅದು ಹೊರಗಿನಿಂದ ಬಂದ ಸೋಂಕು, ಚೆಲ್ಲಿಬಿಡಿ. ಲೋಳೆ ಮೊಸರಿನಿಂದಲೇ ಮರುದಿನ ಹೆಪ್ಪು ತೆಗೆದರೆ ಮತ್ತೆ ಲೋಳೆಯೇ ಆಗುತ್ತದೆ. ಡಬ್ಬಿಯನ್ನು ಕುದಿವ ನೀರಿನಲ್ಲಿ ತೊಳೆದು, ಒಳ್ಳೆಯ ಮೊಸರು ಮಾಡುವ ಪಕ್ಕದ ಮನೆಯವರಿಂದ ಒಂದು ಚಮಚ ಹೆಪ್ಪು ಕೇಳಿ ತರುವುದು ನನಗೆ ಗೊತ್ತಿರುವ ಅತ್ಯುತ್ತಮ ಪರಿಹಾರ. ಹೆಪ್ಪಿನ ಪ್ರಮಾಣವನ್ನು ಹೆಚ್ಚಿಸಿ ಇದನ್ನು ಸರಿಪಡಿಸಲಾಗದು.

ತಾರೀಖಿನ ಬಗ್ಗೆ ನೀವು ಕೇಳಿದ್ದು ಬಹಳ ಮುಖ್ಯ. ಅಲ್ಲಿ ಮುದ್ರಿಸಿದ ದಿನ ಒಂದು ಷರತ್ತಿನ ಮಾತು. ಇಂತಿಷ್ಟು ಡಿಗ್ರಿಗಿಂತ ಕೆಳಗೆ ಇಟ್ಟರೆ ಎಂಬ ಷರತ್ತು ಅದರ ಪಕ್ಕದಲ್ಲೇ ಇರುತ್ತದೆ. ಬೆಳಗಿನ ಜಾವ ಕ್ರೇಟ್‌ಗಳು ಅಂಗಡಿಯ ಮುಂದೆ ಇಳಿದು ಎಂಟು ಗಂಟೆಯವರೆಗೆ ಹೊರಗೇ ಉಳಿದರೆ ಷರತ್ತು ಮುರಿದ ಹಾಗೆ, ತಾರೀಖಿಗೆ ಬೆಲೆಯಿಲ್ಲ. ಪಾಶ್ಚರೀಕರಣದಲ್ಲಿ ಎಲ್ಲ ಸೂಕ್ಷ್ಮಾಣುಗಳೂ ಸಾಯುವುದಿಲ್ಲ. ಕೆಲವು ಬೀಜಾಣು ರೂಪದಲ್ಲಿ ಉಳಿದುಕೊಳ್ಳುತ್ತವೆ, ಇನ್ನು ಕೆಲವು ಆಮೇಲೆ ತುಂಬುವ ಯಂತ್ರದಿಂದ ಸೇರಿಕೊಳ್ಳುತ್ತವೆ. ಇವುಗಳಲ್ಲಿ ತಣ್ಣಗಿನಲ್ಲೂ ಬೆಳೆಯುವವುಗಳು ಹಾಲನ್ನು ಹುಳಿ ಮಾಡುವುದಕ್ಕಿಂತ ಹೆಚ್ಚಾಗಿ ಕಹಿಯಾಗಿಸುತ್ತವೆ. ಹಾಗಾಗಿ ಹುಳಿ ವಾಸನೆ ಇಲ್ಲ ಎಂಬ ಕಾರಣಕ್ಕೆ ಪ್ಯಾಕೆಟ್ ಹಾಲು ಚೆನ್ನಾಗಿದೆ ಎಂದು ತೀರ್ಮಾನಿಸಲಾಗದು. ಹಾಲು ಒಲೆಯ ಮೇಲೆ ಒಡೆದು, ಆ ಒಡೆದ ಗಡ್ಡೆಯನ್ನು ನಾಲಿಗೆಗೆ ತಾಗಿಸಿದರೆ ಹುಳಿ ಇಲ್ಲದಿದ್ದರೆ, ಅದು ಈ ಬೀಜಾಣುಗಳ ಬಳಗದ ಕೆಲಸ ಇರಬಹುದು. ಆ ಹಾಲಿನಿಂದ ಪನ್ನೀರ್ ಮಾಡುವ ಆಸೆ ಬೇಡ. ಅದೇ ಅಂಗಡಿಯ ಹಾಲು ಮತ್ತೆ ಮತ್ತೆ ಹೀಗಾದರೆ ಬದಲಾಯಿಸಬೇಕಾದದ್ದು ಮೊದಲು ಅಂಗಡಿಯನ್ನು, ಆಮೇಲೆ ಬ್ರ್ಯಾಂಡನ್ನು.

ಯು.ಎಚ್.ಟಿ. ಹಾಲು ಮುಚ್ಚಿದ್ದಾಗ ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಇರುತ್ತದೆ. ಕತ್ತರಿಸಿದ ಕ್ಷಣದಿಂದ ಅದೂ ಸಾಮಾನ್ಯ ಹಾಲೇ, ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸಬೇಕು. ಪೆಟ್ಟಿಗೆ ಉಬ್ಬಿದ್ದರೆ ತೆರೆಯದೆಯೇ ವಾಪಸು ಕೊಡಿ.

ಮೊಸರಿನ ತಾರೀಖಿನ ಸ್ವಭಾವ ಬೇರೆ. ಮೊಸರು ಜೀವಂತ ವಸ್ತು, ಫ್ರಿಜ್‌ನಲ್ಲೂ ನಿಧಾನವಾಗಿ ಹುಳಿಯಾಗುತ್ತಲೇ ಇರುತ್ತದೆ. ಬಲ್ಗ್ಯಾರಿಕಸ್ ಹೆಚ್ಚಿರುವ ಮೊಸರು ಈ ವಿಷಯದಲ್ಲಿ ಮುಂದು. ಎರಡನೆಯ ದಿನ ಸಿಹಿಯಾಗಿದ್ದದ್ದು ಐದನೆಯ ದಿನ ಮಜ್ಜಿಗೆಹುಳಿಗೆ ಹೇಳಿ ಮಾಡಿಸಿದಂತಿರುತ್ತದೆ. ತಾರೀಖಿನೊಳಗೇ ಹುಳಿಯಾದರೆ ಅದು ಕೆಟ್ಟದ್ದಲ್ಲ, ಅನ್ನಕ್ಕೆ ಬೇಡವಾದರೆ ಸಾರಿಗೆ ಬಳಸಿ. ಒಂದೇ ದಿನ ತಯಾರಾದ ಎರಡು ಬ್ರ್ಯಾಂಡ್ ಮೊಸರನ್ನು ತಂದು ಒಂದೇ ಫ್ರಿಜ್‌ನ ಒಂದೇ ತಟ್ಟೆಯ ಮೇಲಿಟ್ಟು, ದಿನಕ್ಕೊಂದು ಚಮಚ ರುಚಿ ನೋಡಿದರೆ ಯಾವುದರ ಹೆಪ್ಪು ಮೆದು, ಯಾವುದರದು ಚುರುಕು ಎಂಬುದು ನಾಲ್ಕು ದಿನಗಳಲ್ಲಿ ತಿಳಿಯುತ್ತದೆ. ಮೊಸರಿನ ಪ್ಯಾಕೆಟ್ ಗಾಳಿ ತುಂಬಿದಂತೆ ಉಬ್ಬಿದ್ದರೆ ಮಾತ್ರ ರುಚಿ ನೋಡಬೇಡಿ. ಒಳ್ಳೆಯ ಹೆಪ್ಪು ಅಷ್ಟು ಅನಿಲ ಹುಟ್ಟಿಸುವುದಿಲ್ಲ. ಅದು ಯೀಸ್ಟಿನದೋ ಬೇರೆ ಸೋಂಕಿನದೋ ಕೆಲಸ. ಮೇಲ್ಭಾಗದಲ್ಲಿ ಬೂಷ್ಟು ಕಂಡರೂ ಅಷ್ಟೇ, ಆ ಭಾಗವನ್ನು ಮಾತ್ರ ತೆಗೆದು ಉಳಿದದ್ದನ್ನು ತಿನ್ನಬಾರದು.

ಬ್ರ್ಯಾಂಡ್ ಯಾವುದು ಎಂಬ ಪ್ರಶ್ನೆಗೆ ಈಗ ನೇರವಾಗಿ ಉತ್ತರಿಸಬಹುದು. ನಿಮ್ಮ ಮನೆಗೆ ಬೇಕಾದ ವರ್ಗವನ್ನು ಜಿಡ್ಡಿನ ಲೆಕ್ಕದ ಮೇಲೆ ನಿರ್ಧರಿಸಿಕೊಳ್ಳಿ. ಆ ವರ್ಗದಲ್ಲಿ ನಿಮ್ಮ ಬೀದಿಗೆ ಅದೇ ದಿನದ ತಾರೀಖಿನೊಂದಿಗೆ, ಮುಟ್ಟಿದರೆ ಕೈ ಜುಮ್ಮೆನ್ನುವಷ್ಟು ತಣ್ಣಗೆ ಬರುವ ಪ್ಯಾಕೆಟ್ ಯಾವುದೋ ಅದೇ ನಿಮಗೆ ಒಳ್ಳೆಯ ಬ್ರ್ಯಾಂಡ್. ಬೆಂಗಳೂರಿನ ಬಹುಪಾಲು ಬೀದಿಗಳಲ್ಲಿ ಹೆಚ್ಚು ಮಾರಾಟವಾಗುವುದು ನಂದಿನಿ, ಹಾಗಾಗಿ ಅದರ ಹಳೆಯ ದಾಸ್ತಾನು ಅಂಗಡಿಯಲ್ಲಿ ಉಳಿಯುವ ಸಂಭವ ಕಡಿಮೆ. ನಾನು ಅದನ್ನು ತರುವುದು ಮುಖ್ಯವಾಗಿ ಈ ಕಾರಣಕ್ಕೆ. ನಿಮ್ಮ ಬಡಾವಣೆಯಲ್ಲಿ ಇನ್ನೊಂದು ಬ್ರ್ಯಾಂಡ್ ಅಷ್ಟೇ ಬೇಗ ಖಾಲಿಯಾಗುತ್ತಿದ್ದರೆ ಅದನ್ನು ತರಲು ನನ್ನ ಅಡ್ಡಿಯಿಲ್ಲ. ನಾಲ್ವರ ಮನೆಗೆ ನಾನಾದರೆ ಒಂದು ಲೀಟರ್ ಟೋನ್ಡ್ ಹಾಲನ್ನು ಮೊಸರಿಗೂ ಕುಡಿಯುವುದಕ್ಕೂ, ಅರ್ಧ ಲೀಟರ್ ಸ್ಟ್ಯಾಂಡರ್ಡೈಸ್ಡ್ ಹಾಲನ್ನು ಕಾಫಿಗೂ ಮಕ್ಕಳಿಗೂ ತರುತ್ತೇನೆ. ಮೊಸರಿನ ಪಾಲನ್ನು ಸಂಜೆ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕಾಯಿಸಿಟ್ಟು, ಮನೆಯ ಹೆಪ್ಪಿನ ಒಂದು ಚಮಚವನ್ನು ಮುಚ್ಚಳವಿರುವ ಪುಟ್ಟ ಡಬ್ಬಿಯಲ್ಲಿ ಯಾವಾಗಲೂ ಬೇರೆಯಾಗಿ ಫ್ರಿಜ್‌ನಲ್ಲಿ ತೆಗೆದಿಡುತ್ತೇನೆ.